ತೆಗೆದವರು, ತೆಗೆಯಬೇಕಾದವರು

ಅಚ್ಚುಕೂಟದಲ್ಲಿ ಅವಳನ್ನು ಪ್ರೂಫಮ್ಮ ಎಂದು ಕರೆಯುತ್ತಿದ್ದರು. ಕರಪತ್ರವಿರಲಿ, ಪಠ್ಯಪುಸ್ತಕವಿರಲಿ, ಅಚ್ಚಿಗೆ ಹೋಗುವ ಹಾಳೆಯೆಲ್ಲ ಮೊದಲು ಅವಳ ಮೇಜಿಗೆ ಬಂದು, ಕೆಂಪು ಪೆನ್ನಿನಿಂದ ಗೀಚಿಸಿಕೊಂಡೇ ಮುಂದೆ ಹೋಗಬೇಕು. ಹೋಟೆಲಿನ ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ಅವಳಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇಂಥವಳ ಜೊತೆ ಸಂಸಾರ ಮಾಡುವ ಧೈರ್ಯ ಯಾವ ಗಂಡಿಗಿದೆ ಎಂದು ಅಲ್ಲಿನವರು ಬೆನ್ನ ಹಿಂದೆ ನಗುತ್ತಿದ್ದರು. ಅಂಥ ಧೈರ್ಯ ಇದ್ದವನೊಬ್ಬ ಇದ್ದ, ಇದ್ದು ಹೋದ, ಎಂಬುದು ಅವರಿಗೆ ಗೊತ್ತಿರಲಿಲ್ಲ.

ಅವನು ಕನ್ನಡಕದ ಅಂಗಡಿಯವನು. ಅಕ್ಷರ ನೋಡಿ ನೋಡಿ ಅವಳ ಕಣ್ಣು ಕೆಟ್ಟಿತ್ತು, ಕೆಟ್ಟ ಕಣ್ಣು ಅವಳನ್ನು ಅವನ ಅಂಗಡಿಗೆ ಕರೆದುಕೊಂಡು ಹೋಯಿತು. ಮೊದಲು ಗಾಜು ಬದಲಾಯಿಸಲು ಹೋದಳು, ಆಮೇಲೆ ಸಡಿಲವಾಗದ ಸ್ಕ್ರೂ ಬಿಗಿ ಮಾಡಿಸಲು ಹೋದಳು. ಮೂರನೆಯ ಸಲ ಸ್ಕ್ರೂ ಗಟ್ಟಿಯಾಗಿಯೇ ಇದೆಯಲ್ಲ ಎಂದು ಅವನು ಕೇಳಿದಾಗ ಕಿವಿಯವರೆಗೂ ಕೆಂಪಾದಳು. ಎರಡು ವರ್ಷ ಚೆನ್ನಾಗಿತ್ತು. ಆಮೇಲೆ ಅವನಿಗೆ ಬೇರೆ ಊರಿನಲ್ಲಿ ದೊಡ್ಡ ಅಂಗಡಿ ನೋಡಿಕೊಳ್ಳುವ ಅವಕಾಶ ಬಂತು. ಹೋಗಲಾ ಎಂದು ಕೇಳಿದ. ಹೋಗು ಎಂದಳು. ಬೇಡ ಎನ್ನಲಿ ಎಂದು ಅವನು ಕಾದ, ನೀನೂ ಬಾ ಎನ್ನಲಿ ಎಂದು ಇವಳು ಕಾದಳು. ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದು, ಬಸ್ಸು ಹೊರಟಿದ್ದು, ಅಷ್ಟೇ. ಜಗಳವಾಗಿದ್ದರೆ ರಾಜಿಯಾದರೂ ಆಗಬಹುದಿತ್ತು. ಇವರಿಗೆ ಆ ಭಾಗ್ಯವೂ ಇರಲಿಲ್ಲ.

ಅವತ್ತಿನ ಸಂಜೆ ಅವಳು ಫೋನಿನಲ್ಲಿದ್ದ ಅವನ ಚಿತ್ರಗಳನ್ನೂ, ಅವನು ತೆಗೆದು ಕಳಿಸಿದ್ದ ತನ್ನ ಚಿತ್ರಗಳನ್ನೂ ಒಂದನ್ನೂ ಬಿಡದೆ ಅಳಿಸಿಹಾಕಿದಳು. ತಪ್ಪು ಕಂಡರೆ ಅಳಿಸುವುದು ಅವಳ ಕಸುಬು ತಾನೆ. ನಂಬರು ಮಾತ್ರ ಬದಲಾಯಿಸಲಿಲ್ಲ. ಕಂಪನಿಯವರು ಹೊಸ ಸಿಮ್ ಕೊಡುತ್ತೇವೆ ಎಂದಾಗಲೂ ಹಳೆಯದೇ ಇರಲಿ ಎಂದಳು. ಏಕೆಂದು ಕೇಳಿದ್ದರೆ ಬ್ಯಾಂಕಿನವರ ಹತ್ತಿರ ಇದೇ ನಂಬರಿದೆ ಎಂದು ಹೇಳುತ್ತಿದ್ದಳು. ಬ್ಯಾಂಕಿನವರ ಫೋನಿಗೆ ಯಾರೂ ಹಾಗೆ ಮೂರು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಯುವುದಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವಳ ಅತ್ತಿಗೆ ಹೇಳದೆ ಕೇಳದೆ ಮನೆಗೆ ಬಂದಳು. ಅಣ್ಣನ ಹೆಂಡತಿಯಾದರೂ ಅತ್ತಿಗೆ ಅವಳಿಗೆ ಅಣ್ಣನಿಗಿಂತ ಹತ್ತಿರ. ಕನ್ನಡಕದವನ ವಿಷಯ ಗೊತ್ತಿದ್ದುದು ಇಡೀ ಮನೆಯಲ್ಲಿ ಅತ್ತಿಗೆಗೆ ಒಬ್ಬಳಿಗೇ. ಯಾವಾಗಲೂ ಹೊಸ್ತಿಲಲ್ಲೇ ಮಾತು ಶುರು ಮಾಡುವ ಆ ಹೆಂಗಸು ಅವತ್ತು ಬಾಗಿಲು ಹಾಕಿ, ಚಿಲಕ ಹಾಕಿ, ನೀರು ಕುಡಿದು, ಆಮೇಲೆ ಫೋನು ಮುಂದೆ ಹಿಡಿದಳು.

ಅದು ಅವನ ಕೋಣೆಯಲ್ಲಿ ಒಂದು ಮಧ್ಯಾಹ್ನ ತೆಗೆದ ಫೋಟೋ. ಕಿಟಕಿಯ ಬಿಸಿಲು ಹಾಸಿಗೆಯ ಮೇಲೆ ಬಿದ್ದಿದೆ. ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡಿದ್ದಾಳೆ, ಭುಜಗಳು ಬರಿದಾಗಿವೆ, ಕೂದಲು ಬಿಚ್ಚಿದೆ, ಕನ್ನಡಕವಿಲ್ಲ. ಕ್ಯಾಮೆರಾವನ್ನೇ ನೋಡುತ್ತ ನಗುತ್ತಿದ್ದಾಳೆ. ನಿಜ ಹೇಳಬೇಕೆಂದರೆ ಅವಳಿಗೆ ಆಗ ಕ್ಯಾಮೆರಾ ಕಂಡಿರಲಿಲ್ಲ, ಅವನ ಮುಖವೂ ಸರಿಯಾಗಿ ಕಂಡಿರಲಿಲ್ಲ. ಕನ್ನಡಕ ಅವನ ಜೇಬಿನಲ್ಲಿತ್ತು. ಫೋಟೋ ತೆಗೆಯಲಾ ಎಂದು ಕೇಳಿದ ಅವನ ದನಿ ಬಂದ ಕಡೆಗೆ ನಕ್ಕಿದ್ದಳು. ಫೋಟೋದ ಕೆಳಗೆ ‘ನನ್ನ ಮಧ್ಯಾಹ್ನ’ ಎಂದು ಬರೆದಿತ್ತು. ಅದರ ಕೆಳಗೆ ಸಾವಿರಾರು ಜನರ ಮೆಚ್ಚುಗೆ, ನೂರಾರು ಜನರ ಮಾತು.

ಅವಳು ಅಲ್ಲೇ ಕುರ್ಚಿಯ ಮೇಲೆ ಕುಳಿತಳು. ಅತ್ತಿಗೆಯ ಆಫೀಸಿನ ಯಾವುದೋ ಹುಡುಗಿ ಇದನ್ನು ನೋಡಿ, ನಿಮ್ಮ ನಾದಿನಿಯ ಹಾಗೇ ಇದ್ದಾರಲ್ಲ ಎಂದಿದ್ದಳಂತೆ. ಖಾತೆಗೆ ಹೆಸರಿರಲಿಲ್ಲ, ಮುಖವಿರಲಿಲ್ಲ. ಟೀ ಲೋಟ, ಮಳೆ ಬಿದ್ದ ಕಿಟಕಿ, ಮಡಿಸಿಟ್ಟ ಕನ್ನಡಕ, ಇಂಥ ಚಿತ್ರಗಳ ನಡುವೆ ಇವಳು. ಆ ಫೋಟೋ ಭೂಮಿಯ ಮೇಲೆ ಇಬ್ಬರ ಹತ್ತಿರ ಮಾತ್ರ ಇತ್ತು, ಅವರಲ್ಲಿ ಒಬ್ಬಳು ಅಳಿಸಿಹಾಕಿದ್ದಳು. ಯಾರು ಹಾಕಿದ್ದು ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಅತ್ತಿಗೆ ಹಿಂದೆ ಆನ್‌ಲೈನಿನಲ್ಲಿ ಸಾಮಾನು ಮಾರುವ ಕಂಪನಿಯೊಂದರಲ್ಲಿ ಗ್ರಾಹಕರ ದೂರಿಗೆ ಉತ್ತರ ಬರೆಯುವ ಕೆಲಸ ಮಾಡಿದ್ದವಳು. ಅಳುವುದೆಲ್ಲ ಆಮೇಲೆ, ಮೊದಲು ಸಾಕ್ಷಿ ಎಂದು ತೋಳೇರಿಸಿದಳು. ಪೋಸ್ಟು, ಖಾತೆಯ ಪುಟ, ಮೇಲಿನ ವಿಳಾಸ, ತಾರೀಖು ಎಲ್ಲ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಳು. ಫೋಟೋ ಹೋದ ಮೇಲೆ ಪೊಲೀಸರ ಹತ್ತಿರ ಹೋಗಬೇಕಾಗಿ ಬಂದರೆ ಕೈಯಲ್ಲಿ ಏನಾದರೂ ಇರಬೇಕಲ್ಲ. ಅವನಿಗೆ ಒಂದಕ್ಷರವೂ ಬರೆಯಕೂಡದು, ಸುಳಿವು ಸಿಕ್ಕರೆ ಇನ್ನೆಲ್ಲಾದರೂ ಹಾಕಿಬಿಟ್ಟಾನು ಎಂದು ತಾಕೀತು ಮಾಡಿದಳು. ಸ್ಕ್ರೀನ್‌ಶಾಟ್ ನನಗೂ ಕಳಿಸಿ ಎಂದು ಪ್ರೂಫಮ್ಮ ಕೇಳಿದಾಗ ಅತ್ತಿಗೆ ಅವಳ ಮುಖವನ್ನೇ ನೋಡಿದಳು.

“ನಿನಗ್ಯಾಕೆ? ಸಾಕ್ಷಿ ನನ್ನ ಹತ್ರ ಇದ್ರೆ ಸಾಕ್ಷಿ. ನಿನ್ನ ಹತ್ರ ಇದ್ರೆ ನೀನು ಅದನ್ನೇ ನೋಡ್ತಾ ಕೂರ್ತೀಯ.”

ಅತ್ತಿಗೆ ಸರಿಯಾಗಿಯೇ ಕಂಡುಹಿಡಿದಿದ್ದಳು. ಅವಳು ಹೋದ ಮೇಲೆ ಪ್ರೂಫಮ್ಮ ತನ್ನ ಫೋನಿನಲ್ಲೇ ಆ ಪುಟ ತೆರೆದು ನೋಡಿದಳು. ಸಿಟ್ಟು ಬಂತು, ಮೈ ಉರಿಯಿತು, ಎಷ್ಟು ಜನ ಗಂಡಸರು ಏನೇನು ಬರೆದಿದ್ದಾರೆ ಎಂದು ಓದಿ ಸ್ನಾನ ಮಾಡಬೇಕೆನ್ನಿಸಿತು. ಆದರೆ ಅದೆಲ್ಲ ಮುಗಿದ ಮೇಲೂ ಪುಟ ಮುಚ್ಚಲಾಗಲಿಲ್ಲ. ಅಷ್ಟು ಸುಖವಾಗಿದ್ದ ತನ್ನ ಮುಖವನ್ನು ಅವಳು ಮೂರು ವರ್ಷದಿಂದ ಕನ್ನಡಿಯಲ್ಲೂ ನೋಡಿರಲಿಲ್ಲ. ಅವನು ಮರೆತಿಲ್ಲ ಎಂದು ಮನಸ್ಸು ಪಿಸುಗುಟ್ಟಿತು. ಮರೆಯದವನು ಹೀಗೆ ಬೀದಿಗೆ ಹಾಕುತ್ತಾನೆಯೇ ಎಂದು ಅದೇ ಮನಸ್ಸು ಕಿರುಚಿತು. ಫೋಟೋ ಹೋಗಲೇಬೇಕಿತ್ತು. ಹೋದರೆ, ಆ ಮಧ್ಯಾಹ್ನವನ್ನು ಕಣ್ಣಾರೆ ನೋಡುವ ದಾರಿ ಇನ್ನೊಂದಿರಲಿಲ್ಲ.

ಮಾರನೆಯ ಸಂಜೆ ಕೆಲಸದಿಂದ ಬಂದವಳೇ ಹಳೆಯ ಲ್ಯಾಪ್‌ಟಾಪಿನ ಮುಂದೆ ಕುಳಿತಳು. ಫೋಟೋ ಇದ್ದ ಆ್ಯಪಿನ ಸಪೋರ್ಟ್ ಟೀಮಿಗೆ ಬರೆಯುವ ಜಾಗದಲ್ಲಿ ದೂರಿನ ಬಗೆಗಳನ್ನು ಕೊಟ್ಟಿದ್ದರು. ‘ನನಗೆ ಇಷ್ಟವಾಗಲಿಲ್ಲ’ ಎಂಬುದನ್ನೆಲ್ಲ ದಾಟಿ ಕೆಳಗೆ ಹೋದರೆ ‘ಒಪ್ಪಿಗೆಯಿಲ್ಲದೆ ಹಂಚಿದ ಖಾಸಗಿ ಚಿತ್ರ’ ಎಂದಿತ್ತು. ಚಿತ್ರದಲ್ಲಿರುವವರು ನೀವೇನಾ? ಹೌದು. ಚಿತ್ರವನ್ನು ಮತ್ತೆ ನಮಗೆ ಕಳಿಸಬೇಡಿ, ಅದು ಇರುವ ಲಿಂಕ್ ಕೊಡಿ. ಆಮೇಲೆ ವಿವರ ಬರೆಯಲು ಒಂದು ಖಾಲಿ ಚೌಕ. ಖಾಲಿ ಜಾಗ ಕಂಡರೆ ಅಕ್ಷರದವರಿಗೆ ಕೈ ನಿಲ್ಲುವುದಿಲ್ಲ. ಪ್ರೂಫಮ್ಮ ಬರೆದಳು. ಅಂಗಡಿಯಿಂದ ಶುರುವಾಗಿ ಬಸ್‌ಸ್ಟ್ಯಾಂಡಿನವರೆಗೆ, ಎಲ್ಲಿ ಅಲ್ಪವಿರಾಮ ಬೇಕೋ ಅಲ್ಲಿ ಅಲ್ಪವಿರಾಮ, ಎಲ್ಲಿ ನಿಟ್ಟುಸಿರು ಬೇಕೋ ಅಲ್ಲಿ ಹೊಸ ಪ್ಯಾರಾ. ಅದನ್ನು ಓದಿದರೆ ದೂರಿನ ಅರ್ಜಿಯೋ ಪ್ರೇಮಪತ್ರವೋ ಎಂದು ಯಾರೂ ಹೇಳಲಾರರು. ಲಿಂಕನ್ನು ಫೋನಿನಿಂದ ನೋಡಿಕೊಂಡು ಕೈಯಲ್ಲೇ ಟೈಪು ಮಾಡಿದಳು.

ಎರಡು ದಿನದ ಮೇಲೆ ಉತ್ತರ ಬಂತು. ನೀವು ಕೊಟ್ಟ ವಿಳಾಸದಲ್ಲಿ ಯಾವುದೇ ಚಿತ್ರ ಸಿಗಲಿಲ್ಲ. ಅವಳು ಅಚ್ಚುಕೂಟದ ಮೆಟ್ಟಿಲ ಮೇಲೆ ನಿಂತು ಅದನ್ನು ಓದಿದಳು, ಎದೆ ಹಗುರಾಗಿ ಹಾರಿತು. ಸಿಗಲಿಲ್ಲ ಎಂದರೆ ಅವನೇ ತೆಗೆದಿದ್ದಾನೆ. ಯಾರೂ ಹೇಳದೆ, ಅವನಿಗೇ ಅನ್ನಿಸಿ, ತಪ್ಪಾಯಿತು ಎಂದು ತೆಗೆದಿದ್ದಾನೆ. ಅಷ್ಟು ಹೊತ್ತಿನಲ್ಲಿ ಅವಳು ಅವನನ್ನು ಪೂರ್ತಿ ಕ್ಷಮಿಸಿ, ಅವನ ಫೋನು ಬಂದರೆ ಮೊದಲ ಮಾತು ಏನಾಡಬೇಕು ಎಂಬಲ್ಲಿಯವರೆಗೂ ತಲುಪಿದ್ದಳು. ಆಮೇಲೆ ಫೋನಿನಲ್ಲಿ ತೆರೆದು ನೋಡಿದರೆ ಫೋಟೋ ಇದ್ದಲ್ಲೇ ಇತ್ತು. ಮೆಚ್ಚಿದವರು ಇನ್ನಷ್ಟು ಹೆಚ್ಚಾಗಿದ್ದರು.

ಅತ್ತಿಗೆ ಬಂದು ಅವಳು ಬರೆದದ್ದನ್ನು ಓದಿದಳು, ಓದುತ್ತಾ ತಲೆ ಚಚ್ಚಿಕೊಂಡಳು. ಆ ಲಿಂಕಿನ ಬಾಲದಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ ಎಲ್ಲ ಗೊಂಚಲು ಗೊಂಚಲಾಗಿ ಕಲಸಿದ್ದವು. ಪ್ರೂಫಮ್ಮ ಅವನ್ನೆಲ್ಲ ಸಣ್ಣಕ್ಷರ ಮಾಡಿ, ಒಂದರ ಪಕ್ಕ ಒಂದು ಬಂದಿದ್ದ ಎರಡು ಒಂದೇ ಥರದ ಅಕ್ಷರದಲ್ಲಿ ಒಂದನ್ನು ಹೊಡೆದುಹಾಕಿದ್ದಳು. ಅಚ್ಚಿನ ತಪ್ಪೆಂದು ಕೈ ತಾನಾಗಿ ತಿದ್ದಿತ್ತು.

“ಲಿಂಕಿಗೂ ಪ್ರೂಫ್ ನೋಡ್ತಾರೇನೇ? ಒಂದಕ್ಷರ ಆಚೀಚೆ ಆದ್ರೂ ಅದು ಬೇರೆ ಮನೆ ಬಾಗಿಲು.” ಅತ್ತಿಗೆ ನಗುತ್ತಲೇ ಹೇಳಿದಳು, ಆಮೇಲೆ ನಗು ನಿಲ್ಲಿಸಿದಳು. “ನಿಜವಾಗ್ಲೂ ಕೈತಪ್ಪಾ, ಇಲ್ಲ ಆ ಫೋಟೋ ಹೋಗೋದು ನಿನಗೆ ಬೇಡ್ವಾ?”

ಪ್ರೂಫಮ್ಮನಿಗೆ ಸಿಟ್ಟು ನೆತ್ತಿಗೇರಿತು. ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡಳು. ಕೈತಪ್ಪೋ ಅಲ್ಲವೋ ಅವಳಿಗೇ ಗೊತ್ತಿರಲಿಲ್ಲ.

ಎರಡನೆಯ ಸಲ ಲಿಂಕನ್ನು ಫೋನಿನಲ್ಲೇ ನಕಲು ಮಾಡಿ ಅಂಟಿಸಿದರು. ಕಥೆಯನ್ನೂ ಮೊಟಕು ಮಾಡಿದರು. ಆದರೂ ಒಂದು ವಾಕ್ಯಕ್ಕೆ ಪ್ರೂಫಮ್ಮ ಜೋತುಬಿದ್ದಳು. ‘ಈ ಫೋಟೋ ತೆಗೆಯಲು ನನ್ನ ಪೂರ್ಣ ಒಪ್ಪಿಗೆ ಇತ್ತು’ ಎಂಬುದನ್ನು ಮೊದಲ ಸಾಲಾಗಿಯೇ ಇಡಬೇಕು ಎಂದು ಹಟ ಹಿಡಿದಳು. ಅವನು ಕದ್ದು ತೆಗೆದ ಎಂದು ಯಾರೋ ಗುರುತಿಲ್ಲದವರು ತಿಳಿಯುವುದನ್ನು ಅವಳಿಂದ ಸಹಿಸಲಾಗಲಿಲ್ಲ. ಆ ಮಧ್ಯಾಹ್ನಕ್ಕೆ ಕಳಂಕ ಬರಕೂಡದು. ಅತ್ತಿಗೆ ಎಷ್ಟು ಹೇಳಿದರೂ ಕೇಳಲಿಲ್ಲ. ಕಳಿಸಿದ ಮರುದಿನವೇ ಉತ್ತರ ಬಂತು. ನಿಮ್ಮ ಒಪ್ಪಿಗೆ ಇದ್ದ ಬಗ್ಗೆ ನೀವೇ ತಿಳಿಸಿರುವುದರಿಂದ ಈ ಚಿತ್ರ ನಮ್ಮ ನಿಯಮಗಳನ್ನು ಮುರಿದಂತೆ ಕಾಣುವುದಿಲ್ಲ, ಹೆಚ್ಚಿನ ವಿವರವಿದ್ದರೆ ಇದೇ ಪತ್ರಕ್ಕೆ ಉತ್ತರಿಸಿ.

ಅತ್ತಿಗೆ ಈ ಸಲ ಬೈಯಲಿಲ್ಲ. ಪಕ್ಕದಲ್ಲಿ ಕುಳಿತು, ದೂರು ಓದುವವರ ಕೆಲಸ ಹೇಗಿರುತ್ತದೆ ಎಂದು ಸಮಾಧಾನವಾಗಿ ಹೇಳಿದಳು. ಒಂದಾದ ಮೇಲೊಂದು ಪತ್ರ ಬರುತ್ತಲೇ ಇರುತ್ತದೆ, ಮೊದಲ ಸಾಲು ಓದುವಷ್ಟರಲ್ಲಿ ಕೈ ತೀರ್ಮಾನದ ಗುಂಡಿಯ ಮೇಲಿರುತ್ತದೆ. ಅವರು ಕೆಟ್ಟವರಲ್ಲ, ಅವರಿಗೆ ಪುರುಸೊತ್ತಿಲ್ಲ. ನಿನ್ನ ಮಧ್ಯಾಹ್ನ ಎಷ್ಟು ಚೆನ್ನಾಗಿತ್ತು ಎಂಬುದನ್ನು ಅವರಿಗೆ ಒಪ್ಪಿಸಬೇಕಾಗಿಲ್ಲ, ಅದು ಅವರಿಗೆ ಸಂಬಂಧವೂ ಇಲ್ಲ.

ಪ್ರೂಫಮ್ಮ ತನ್ನ ವಾಕ್ಯವನ್ನೇ ನೋಡುತ್ತ ಕುಳಿತಳು. ತೆಗೆಯಲು. ಫೋಟೋ ತೆಗೆದದ್ದು ಎಂದರೂ ತೆಗೆದದ್ದೇ, ತೆಗೆದುಹಾಕಿ ಎಂದರೂ ತೆಗೆಯುವುದೇ. ಜೀವಮಾನವೆಲ್ಲ ಬೇರೆಯವರ ಬರಹದಲ್ಲಿ ಎರಡರ್ಥ ಬರುವ ಮಾತಿನ ಕೆಳಗೆ ಕೆಂಪು ಗೆರೆ ಎಳೆದವಳು, ತನ್ನ ಬದುಕಿನ ಪತ್ರದಲ್ಲಿ ಅದನ್ನೇ ಮೊದಲ ಸಾಲು ಮಾಡಿ ಕೂತಿದ್ದಳು. ಎಲ್ಲವನ್ನೂ ಅಳಿಸಿದಳು. ಹೊಸದಾಗಿ ಬರೆದಳು:

‘ಈ ಚಿತ್ರದಲ್ಲಿರುವವಳು ನಾನು. ಇದನ್ನು ಯಾರಿಗಾದರೂ ತೋರಿಸಲು, ಹಂಚಲು ನಾನು ಯಾವತ್ತೂ ಒಪ್ಪಿಗೆ ಕೊಟ್ಟಿಲ್ಲ. ಕ್ಯಾಮೆರಾ ಮುಂದೆ ಕೂರುವುದಕ್ಕೆ ಮಾತ್ರ ಒಪ್ಪಿದ್ದೆ, ಆಗ ಎದುರಿಗೆ ಇದ್ದವನು ಒಬ್ಬನೇ. ದಯವಿಟ್ಟು ಇದನ್ನು ಅಳಿಸಿಹಾಕಿ, ಮತ್ತೆ ಯಾರೂ ಹಾಕದಂತೆ ತಡೆಯಿರಿ.’

ಕಳಿಸುವ ಮೊದಲು, ಅತ್ತಿಗೆ ನೀರು ತರಲು ಒಳಗೆ ಹೋದಾಗ, ಫೋನು ತೆರೆದು ಆ ಫೋಟೋವನ್ನು ನೋಡಿದಳು. ಅತ್ತಿಗೆಗೆ ಕಾಣದ ಹಾಗೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಬಹುದಿತ್ತು, ಬೆರಳು ಅಲ್ಲಿಯವರೆಗೂ ಹೋಯಿತು. ಆದರೆ ಆ ಪುಟದಲ್ಲಿ ಅವಳ ನಗುವಿನ ಜೊತೆ ಕೆಳಗಿದ್ದ ನೂರಾರು ಬಾಯಿಗಳೂ ಬರುತ್ತಿದ್ದವು. ಇದು ತನ್ನ ಫೋಟೋ ಅಲ್ಲ, ಅದನ್ನು ಅವನು ಹೋದ ಸಂಜೆಯೇ ಅಳಿಸಿಯಾಗಿದೆ ಎಂದುಕೊಂಡು ಪತ್ರ ಕಳಿಸಿದಳು. ನೀರು ತಂದ ಅತ್ತಿಗೆಯ ಹೆಗಲ ಮೇಲೆ ತಲೆಯಿಟ್ಟು ಅತ್ತಳು.

ಮರುದಿನ ಮಧ್ಯಾಹ್ನ ಅಚ್ಚುಕೂಟದಲ್ಲಿ ಶಾಲೆಯ ಭೂಗೋಳದ ಪುಸ್ತಕ ನೋಡುತ್ತಿದ್ದಾಗ ಪತ್ರ ಬಂತು. ಚಿತ್ರವನ್ನು ತೆಗೆದುಹಾಕಿದ್ದೇವೆ. ಅದರ ಗುರುತನ್ನು ಇಟ್ಟುಕೊಂಡಿದ್ದೇವೆ, ಅದೇ ಚಿತ್ರವನ್ನು ಇಲ್ಲಿ ಮತ್ತೆ ಹಾಕಲು ನೋಡಿದರೆ ತಡೆಯಲು ಅದು ನೆರವಾಗುತ್ತದೆ. ಹಾಕಿದವರಿಗೆ ನಿಯಮ ಮುರಿದ ಬಗ್ಗೆ ತಿಳಿಸಿದ್ದೇವೆ, ನಿಮ್ಮ ಹೆಸರು ತಿಳಿಸಿಲ್ಲ. ಲಿಂಕ್ ಒತ್ತಿದರೆ ಬಿಳಿ ಪುಟ, ಈ ಪೋಸ್ಟ್ ಈಗ ಲಭ್ಯವಿಲ್ಲ ಎಂಬ ಒಂದು ಸಾಲು. ಆ ಸಾಲಿನಲ್ಲಿ ತಿದ್ದುವಂಥದ್ದೇನೂ ಇರಲಿಲ್ಲ.

ಅವರು ಹೆಸರು ಹೇಳದಿದ್ದರೇನು, ಕನ್ನಡಕದವನು ದಡ್ಡನಲ್ಲ. ಸಂಜೆ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಅವಳ ಫೋನಿನಲ್ಲಿ ಅವನ ಹೆಸರು ಮೂಡಿತು. ಮೂರು ವರ್ಷ ಅವಳು ಆ ಹೆಸರು ಮೂಡುವುದನ್ನು ಅದೆಷ್ಟು ಸಲ ಕಲ್ಪಿಸಿಕೊಂಡಿದ್ದಳೆಂದರೆ, ನಿಜವಾಗಿ ಮೂಡಿದಾಗ ಒಂದು ಗಳಿಗೆ ನಂಬಲಾಗಲಿಲ್ಲ. ಉದ್ದದ ಮೆಸೇಜು. ಅವಳು ಗುಂಪಿನಿಂದ ಪಕ್ಕಕ್ಕೆ ಸರಿದು, ಮುಚ್ಚಿದ ಅಂಗಡಿಯೊಂದರ ಮುಂದೆ ನಿಂತು ಓದಿದಳು.

‘ನೀನೇ ಅಂತ ಗೊತ್ತಾಯ್ತು. ಬೇಜಾರಿಲ್ಲ. ಇಲ್ಲಿ ಒಬ್ಬನೇ ಇದ್ದು ಇದ್ದು ಸಾಕಾಗಿದೆ. ಸಂಜೆ ಅಂಗಡಿ ಮುಚ್ಚಿದ ಮೇಲೆ ನಿನ್ನ ಕನ್ನಡಕದ ನಂಬರು ಈಗ ಎಷ್ಟಾಗಿರಬಹುದು ಅಂತ ಯೋಚಿಸ್ತಾ ಕೂತಿರ್ತೀನಿ. ಆ ಫೋಟೋ ಹಾಕಿದ್ದು ನೀನು ಎಲ್ಲಾದ್ರೂ ನೋಡ್ತೀಯ, ನೋಡಿ ಒಂದು ಮಾತು ಬರೀತೀಯ ಅಂತ. ನೀನು ಬರೆದೆ, ಆದ್ರೆ ನನಗಲ್ಲ. ಅವತ್ತು ಬಸ್‌ಸ್ಟ್ಯಾಂಡಿನಲ್ಲಿ ನೀನೂ ಬಾ ಅಂತ ಕೇಳಬೇಕಿತ್ತು. ಕೇಳಲಿಲ್ಲ.’

ಅಲ್ಲಿಯವರೆಗೆ ಓದುವಷ್ಟರಲ್ಲಿ ಅವಳ ಕಣ್ಣು ತುಂಬಿ ಅಕ್ಷರಗಳು ಕಲಸಿಹೋದವು. ಕನ್ನಡಕ ತೆಗೆದು ಒರೆಸಿಕೊಂಡಳು. ಅವಳ ಬಸ್ಸು ಬಂತು, ಹೋಯಿತು. ಹತ್ತಲಿಲ್ಲ. ಇಲ್ಲಿಂದಲೇ ಬಸ್‌ಸ್ಟ್ಯಾಂಡಿಗೆ ಹೋದರೆ ಬೆಳಗಾಗುವಷ್ಟರಲ್ಲಿ ಅವನ ಊರು, ಅಚ್ಚುಕೂಟಕ್ಕೆ ಒಂದು ಫೋನು ಮಾಡಿದರಾಯಿತು, ಬಟ್ಟೆ ಅಲ್ಲೇ ತೆಗೆದುಕೊಂಡರಾಯಿತು, ಎಂದು ತಲೆ ತನ್ನಷ್ಟಕ್ಕೆ ಲೆಕ್ಕ ಹಾಕತೊಡಗಿತು. ಫೋಟೋ ಹಾಕಿದ್ದು ತಪ್ಪೇ, ಎದುರಿಗೆ ಕೂರಿಸಿ ಬೈದರಾಯಿತು. ಇನ್ನೂ ಸ್ವಲ್ಪ ಉಳಿದಿತ್ತು. ಕನ್ನಡಕ ಹಾಕಿಕೊಂಡು ಓದಿದಳು.

‘ಒಂದು ಉಪಕಾರ ಮಾಡು. ಆ ಖಾತೆಯನ್ನ ಇವತ್ತು ಮುಚ್ಚಿದ್ದಾರೆ. ಅದನ್ನ ಬೆಳೆಸೋಕೆ ತುಂಬ ಕಷ್ಟಪಟ್ಟಿದ್ದೀನಿ, ಆ ಫೋಟೋ ಆದ ಮೇಲೆ ಜನ ಎಷ್ಟು ಜಾಸ್ತಿ ಆಗಿದ್ರು ಅಂದ್ರೆ ನೀನು ನಂಬಲ್ಲ. ಮೇಲ್ಮನವಿ ಹಾಕಿದ್ದೀನಿ. ನಿನ್ನ ಒಪ್ಪಿಗೆ ಇತ್ತು, ತಪ್ಪು ತಿಳಿದು ದೂರು ಕೊಟ್ಟೆ ಅಂತ ಅವರಿಗೆ ಒಂದು ಸಾಲು ಬರಿ. ಹೇಗೂ ನೀನು ನಗ್ತಾನೇ ಇದ್ದೀಯಲ್ಲ ಅದರಲ್ಲಿ.’

ಅವಳು ಮತ್ತೆ ಮೊದಲಿಂದ ಓದಿದಳು, ಅಚ್ಚಿಗೆ ಹೋಗುವ ಹಾಳೆಯನ್ನು ಓದುವ ಹಾಗೆ, ನಿಧಾನವಾಗಿ. ಮೊದಲರ್ಧ ಸುಳ್ಳಲ್ಲ, ಅದು ಅವಳಿಗೆ ಗೊತ್ತಿತ್ತು. ಅವನು ಒಬ್ಬನೇ ಇದ್ದದ್ದು ನಿಜ, ಅವಳನ್ನು ನೆನೆದದ್ದು ನಿಜ. ಸುಳ್ಳಾಗಿದ್ದರೆ ಉಗಿದು ಮುಂದೆ ಹೋಗಬಹುದಿತ್ತು. ಆದರೆ ಅಷ್ಟುದ್ದದ ಮೆಸೇಜಿನಲ್ಲಿ ನೀನು ಹೇಗಿದ್ದೀಯ ಎಂಬ ಪ್ರಶ್ನೆ ಎಲ್ಲೂ ಇರಲಿಲ್ಲ. ಆ ಫೋಟೋ ನೋಡಿ ನಿನಗೆ ಏನಾಯಿತು ಎಂದೂ ಇರಲಿಲ್ಲ. ಅವಳ ನಂಬರು ಇಷ್ಟು ವರ್ಷ ಅವನ ಫೋನಿನಲ್ಲೇ ಇತ್ತು. ಒಬ್ಬಳಿಗೆ ಹೇಳಬೇಕಾದ ಒಂದು ಮಾತನ್ನು ಹೇಳಲು ಅವನು ಅವಳನ್ನೇ ಸಾವಿರಾರು ಜನರ ಮುಂದೆ ಇಟ್ಟಿದ್ದ, ಈಗ ಆ ಸಾವಿರಾರು ಜನ ಕೈತಪ್ಪಿದ್ದಕ್ಕೆ ಆ ನಂಬರನ್ನು ಹುಡುಕಿದ್ದ.

ಅತ್ತಿಗೆಗೆ ಫೋನು ಮಾಡಿ ಎಲ್ಲ ಹೇಳಿದಳು. ಅತ್ತಿಗೆ, ಮೆಸೇಜನ್ನು ಅಳಿಸಬೇಡ, ಅವನೇ ಹಾಕಿದ್ದು ಎಂಬುದಕ್ಕೆ ಅದೇ ಸಾಕ್ಷಿ ಎಂದಳು. ನೀನು ಏನು ಬರೆದರೂ ನನ್ನ ತಕರಾರಿಲ್ಲ ಎಂದೂ ಹೇಳಿದಳು. ಅದನ್ನು ಹೇಳಲು ಅವಳಿಗೆ ಎಷ್ಟು ಕಷ್ಟವಾಯಿತು ಎಂಬುದು ದನಿಯಲ್ಲೇ ಗೊತ್ತಾಗುತ್ತಿತ್ತು.

ಪ್ರೂಫಮ್ಮ ಅಲ್ಲೇ ಆ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಸಪೋರ್ಟ್ ಟೀಮಿನ ಪತ್ರಕ್ಕೆ ಉತ್ತರ ಬರೆದಳು. ಚಿತ್ರ ಹಾಕಿದವರು ನನ್ನ ಒಪ್ಪಿಗೆ ಇತ್ತೆಂದು ನಿಮಗೆ ಬರೆಯಬಹುದು. ಇರಲಿಲ್ಲ. ಈಗಲೂ ಇಲ್ಲ. ಬರೆದು, ಒಂದೇ ಸಲ ಓದಿ, ಕಳಿಸಿದಳು.

ಆಮೇಲೆ ಅವನ ಮೆಸೇಜಿಗೆ ಬಂದಳು. ಹೇಳಬೇಕಾದದ್ದು ತುಂಬ ಇತ್ತು. ಟೈಪು ಮಾಡಿದಳು, ಅಳಿಸಿದಳು, ಮತ್ತೆ ಮಾಡಿದಳು. ಕೊನೆಗೆ ಉಳಿದದ್ದು ಇಷ್ಟು:

‘ನೀನೂ ಬಾ ಅಂತ ಅವತ್ತು ಕೇಳಿದ್ದರೆ ಬರ್ತಿದ್ದೆ. ಹೋದ ಭಾನುವಾರದ ತನಕ ಕೇಳಿದ್ದರೂ ಬರ್ತಿದ್ದೆ.’

ಕಳಿಸಿದಳು. ಅವನು ಓದಿದ ಗುರುತು ಬಂತು. ಏನೋ ಬರೆಯುತ್ತಿದ್ದಾನೆ ಎಂದು ಫೋನು ತೋರಿಸಿತು, ನಿಂತಿತು, ಮತ್ತೆ ತೋರಿಸಿತು. ಅವಳು ಅದನ್ನೇ ನೋಡುತ್ತ ಕುಳಿತಿದ್ದಳು, ಮನೆ ಕಡೆಯ ಮುಂದಿನ ಬಸ್ಸು ಬರುವವರೆಗೂ. ಬಸ್ಸು ಬಂದಾಗ ಎದ್ದು ಹತ್ತಿದಳು.